120ರಲ್ಲಿ ಒಂದೂ ಕೇಸ್ ಇಲ್ಲ: ಕಾನ್ಫಿಡೆನ್ಸ್ ಇಂಟರ್ವಲ್ ಎಷ್ಟು?

ಪ್ರಶ್ನೆ: 120 ಸಿಸೇರಿಯನ್‌ಗಳಿಗೆ 27 ಗೇಜ್ ಸೂಜಿಯಲ್ಲಿ ಸ್ಪೈನಲ್ ಕೊಟ್ಟಿದ್ದೇವೆ. ಒಬ್ಬರಿಗೂ ಸ್ಪೈನಲ್ ತಲೆನೋವು ಬಂದಿಲ್ಲ. ಥೀಸಿಸ್‌ನಲ್ಲಿ 0% ಅಂತ ಬರೆದೆ. ಗೈಡ್ "95% ಕಾನ್ಫಿಡೆನ್ಸ್ ಇಂಟರ್ವಲ್ ಎಲ್ಲಿ?" ಅಂತಾರೆ. ಮಾಮೂಲಿ ಫಾರ್ಮುಲಾ ಹಾಕಿದರೆ 0ಯಿಂದ 0 ಬರುತ್ತೆ. ಏನು ಬರೆಯಲಿ?

"120ರಲ್ಲಿ 0, 95% ಮೇಲ್ಮಿತಿ 2.5%" ಅಂತ ಬರೆಯಿರಿ. 3ನ್ನು 120ರಿಂದ ಭಾಗಿಸಿದೆ, ಅಷ್ಟೇ. ಇದಕ್ಕೆ ಮೂರರ ಸೂತ್ರ ಅನ್ನುತ್ತಾರೆ. ಗೈಡ್ ಆಧಾರ ಕೇಳಿದರೆ, ವೈದ್ಯರ ಮಧ್ಯೆ ಇದು ಬಳಕೆಗೆ ಬಂದದ್ದು ಹ್ಯಾನ್ಲಿ ಮತ್ತು ಲಿಪ್‌ಮನ್-ಹ್ಯಾಂಡ್ 1983ರಲ್ಲಿ JAMAದಲ್ಲಿ ಬರೆದ ಲೇಖನದಿಂದ.

ನಿಮ್ಮ ಫಾರ್ಮುಲಾ ಸೊನ್ನೆ ಕೊಟ್ಟದ್ದು ಯಾಕೆಂದರೆ, ಅದು ಸ್ಯಾಂಪಲ್‌ನಲ್ಲಿ ಕಂಡ ಪ್ರಮಾಣದಿಂದಲೇ ಏರಿಳಿತವನ್ನೂ ಲೆಕ್ಕ ಹಾಕುತ್ತದೆ. ಕಂಡದ್ದೇ ಸೊನ್ನೆ ಆದಾಗ ಏರಿಳಿತವೂ ಸೊನ್ನೆ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು: ನಿಜವಾದ ಪ್ರಮಾಣ ಇಷ್ಟಿದ್ದರೆ, 120 ಜನರಲ್ಲಿ ಒಬ್ಬರಿಗೂ ಬರದೇ ಇರುವ ಸಂಭವ ಎಷ್ಟು?

ನೂರಕ್ಕೆ ಒಬ್ಬರಿಗೆ ತಲೆನೋವು ಬರುತ್ತದೆ ಅಂದುಕೊಳ್ಳಿ. ಒಬ್ಬರು ಪಾರಾಗುವ ಸಂಭವ 0.99. ಅದನ್ನು 120 ಸಲ ಗುಣಿಸಿದರೆ ಸುಮಾರು 0.30. ಅಂದರೆ ನಿಮ್ಮಂಥ ಹತ್ತು ಥೀಸಿಸ್‌ಗಳಲ್ಲಿ ಮೂರು "ಒಂದೂ ಕೇಸ್ ಇಲ್ಲ" ಅಂತಲೇ ಬರೆಯುತ್ತಿದ್ದವು! ಈಗ 2.5% ಇಟ್ಟು ನೋಡಿ: 0.975ನ್ನು 120 ಸಲ ಗುಣಿಸಿದರೆ 0.048. ನೂರಕ್ಕೆ ಐದು ಸಲವೂ ಇಲ್ಲ, ಆದ್ದರಿಂದ ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಬದಿಗಿಡುತ್ತೇವೆ. ಆ 3 ಬರುವುದೂ ಇಲ್ಲಿಂದಲೇ. 0.05ರ ನ್ಯಾಚುರಲ್ ಲಾಗ್ ಮೈನಸ್ 2.996, ಪ್ರಮಾಣ ಚಿಕ್ಕದಿದ್ದಾಗ ಜನರ ಸಂಖ್ಯೆ ಗುಣಿಸು ಪ್ರಮಾಣ ಹೆಚ್ಚುಕಡಿಮೆ ಅಷ್ಟಕ್ಕೇ ಬಂದು ನಿಲ್ಲುತ್ತದೆ. 30 ಜನರಿಗಿಂತ ಕಡಿಮೆ ಇದ್ದರೆ ಸೂತ್ರ ಸ್ವಲ್ಪ ಜಾಸ್ತಿ ಹೇಳುತ್ತದೆ: 10 ಜನರಿಗೆ ಸೂತ್ರದ ಲೆಕ್ಕ 30%, ನಿಖರ ಲೆಕ್ಕ 26%.

R ಇದ್ದರೆ ತಾಳೆ ನೋಡಿ:

```r
binom.test(0, 120)$conf.int
binom.test(0, 120, alternative = "less")$conf.int
```

ಮೊದಲ ಸಾಲು ಮೇಲ್ಮಿತಿಯನ್ನು 3.03% ಅನ್ನುತ್ತದೆ, ಎರಡನೆಯದು 2.47%. ಸೂತ್ರ ತಪ್ಪಿತು ಅಂತ ಗಾಬರಿ ಬೇಡ. ಮೊದಲನೆಯದು 5%ನ್ನು ಎರಡೂ ಬದಿಗೆ ಅರ್ಧರ್ಧ ಹಂಚುತ್ತದೆ, ಆಗ 3ರ ಜಾಗಕ್ಕೆ 3.7 ಬರುತ್ತದೆ. ಸೊನ್ನೆಗಿಂತ ಕೆಳಗೆ ಜಾಗವೇ ಇಲ್ಲದಿರುವುದರಿಂದ ನಾನಂತೂ ಒಂದು ಬದಿಯದನ್ನೇ ಕೊಡುತ್ತೇನೆ. ಯಾವುದನ್ನು ಕೊಟ್ಟರೂ ಯಾವುದು ಅಂತ ಬರೆದಿಡಿ, ವೈವಾದಲ್ಲಿ ಅದನ್ನೇ ಕೇಳುತ್ತಾರೆ.

ಲೆಕ್ಕಕ್ಕಿಂತ ನನಗೆ ಚಿಂತೆ ಇರುವುದು ಆ 120ರ ಬಗ್ಗೆ. ಸ್ಪೈನಲ್ ತಲೆನೋವು ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು, ಬಾಣಂತಿ ಎದ್ದು ಕೂತಾಗ ಶುರುವಾಗುತ್ತದೆ. ಐದು ದಿನದವರೆಗೂ ಬರಬಹುದು. ನೀವು ಮರುದಿನ ಬೆಳಗಿನ ರೌಂಡ್ಸ್‌ನಲ್ಲಿ ಮಾತ್ರ ಕೇಳಿದ್ದರೆ ನಿಮ್ಮ ಸೊನ್ನೆ ಮೊದಲ 24 ಗಂಟೆಯದು. ಮೂರನೇ ದಿನ ಡಿಸ್ಚಾರ್ಜ್ ಆಗಿ ಆಮೇಲೆ ಫೋನಿಗೆ ಸಿಗದವರು 25 ಮಂದಿ ಇದ್ದರೆ, ಭಾಗಿಸಬೇಕಾದದ್ದು 95ರಿಂದ, ಮೇಲ್ಮಿತಿ 3.2% ಆಗುತ್ತದೆ. ಕೇಳದವರನ್ನು "ತಲೆನೋವು ಇಲ್ಲ" ಅಂತ ಎಣಿಸುವ ಹಾಗಿಲ್ಲ.

ಪಿಜಿಗಳ ಲೆಕ್ಕ ನೋಡುವುದು ನನ್ನ ಕೆಲಸ, ಇಂಥದ್ದು ಕಾಣುತ್ತಲೇ ಇರುತ್ತದೆ. ಒಬ್ಬರು 200 ಡ್ರೆಸ್ಸಿಂಗ್‌ಗಳಲ್ಲಿ ಒಂದೂ ರಿಯಾಕ್ಷನ್ ಇಲ್ಲ ಅಂತ 1.5% ಬರೆದು ತಂದಿದ್ದರು. ರಿಜಿಸ್ಟರ್ ತೆಗೆಸಿ ನೋಡಿದರೆ ರೋಗಿಗಳು 45 ಮಂದಿ, ಅವರಿಗೇ ಮತ್ತೆ ಮತ್ತೆ ಡ್ರೆಸ್ಸಿಂಗ್. ಮೊದಲ ಸಲ ಒಗ್ಗಿದವರಿಗೆ ಐದನೇ ಸಲವೂ ಒಗ್ಗುತ್ತದೆ, ಅದು ಹೊಸ ಸಾಕ್ಷಿ ಅಲ್ಲ. 45ರಿಂದ ಭಾಗಿಸಿದಾಗ 6.7% ಆಯಿತು, ಅವರ ಮುಖ ಸಪ್ಪೆಯಾಯಿತು. ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೇ ಸ್ಪೈನಲ್ ಆದ್ದರಿಂದ ಈ ತೊಂದರೆ ಇಲ್ಲ. ಆದರೆ 120ನ್ನೂ ಕೈ ಪಳಗಿದ ಒಬ್ಬರೇ ಕೊಟ್ಟಿದ್ದರೆ, ಆ 2.5% ಅವರ ಕೈಗೆ ಸಲ್ಲುವ ಮಾತು. ಹೊಸ ಪಿಜಿಯ ಕೈಗೆ ಅದನ್ನು ಹಾಗೇ ಹಚ್ಚಬೇಡಿ.

ಚರ್ಚೆಯ ಅಧ್ಯಾಯದಲ್ಲಿ "ಹಳೆಯ ಸೂಜಿಯಲ್ಲಿ 2% ಇತ್ತು, ನಮ್ಮದರಲ್ಲಿ ಇಲ್ಲವೇ ಇಲ್ಲ" ಅಂತ ಬರೆಯುವ ಆಸೆ ಬರುತ್ತದೆ. ಆ 2% ನಿಮ್ಮ ಮೇಲ್ಮಿತಿಯ ಒಳಗೇ ಇದೆ, ಬರೆಯಬೇಡಿ. 1%ಗಿಂತ ಕಡಿಮೆ ಅಂತ ಹೇಳಬೇಕಿದ್ದರೆ 300 ಜನರಲ್ಲಿ ಒಂದೂ ಕಾಣಬಾರದಿತ್ತು.

ಮತ್ತೆ ಫೋನ್ ಮಾಡಿ ವಿಚಾರಿಸಿದಾಗ ಒಬ್ಬರು "ಹೌದು, ನಾಲ್ಕನೇ ದಿನ ಬಂದಿತ್ತು" ಅಂದರೆ ಈ ಸೂತ್ರ ಅಲ್ಲಿಗೇ ಬಿಟ್ಟುಬಿಡಿ. ಒಂದು ಕೇಸಿಗೆ 3ರ ಬದಲು ಸುಮಾರು 4.7 ಬರುತ್ತದೆ, 120ಕ್ಕೆ ಮೇಲ್ಮಿತಿ 3.9%. ಮೇಲಿನ ಎರಡನೇ ಸಾಲಿನಲ್ಲಿ 0 ತೆಗೆದು 1 ಹಾಕಿ ಓಡಿಸಿದರೆ ನಿಖರ ಅಂಕಿ ಸಿಗುತ್ತದೆ.