ಹಳೆಯ ಪತ್ರ ಟೈಪ್ ಮಾಡುವವರ ಕೈಗೆ ಕೊಡುವ ಒಂದು ಪುಟ

ಪ್ರಶ್ನೆ: ನಮ್ಮ ಮನೆತನದ ಹಳೆಯ ಕೈಬರಹದ ಪತ್ರಗಳನ್ನು ಟೈಪ್ ಮಾಡಿಕೊಡಲು ನಾಲ್ಕೈದು ಜನ ಒಪ್ಪಿದ್ದಾರೆ. ಎಲ್ಲರೂ ಒಂದೇ ಥರ ಮಾಡುವಂತೆ ಸೂಚನೆ ಹೇಗೆ ಬರೆಯಲಿ?

ಉತ್ತರ: ಒಂದು ಪುಟಕ್ಕಿಂತ ಜಾಸ್ತಿ ಬರೆಯಬೇಡಿ, ಯಾರೂ ಓದುವುದಿಲ್ಲ. ಮೊದಲ ಸಾಲು ಹೀಗಿರಲಿ: ಕಾಗದದಲ್ಲಿ ಕಂಡದ್ದು ಕೆಳಗೆ, ನಿಮಗೆ ತಿಳಿದದ್ದು ಮೇಲೆ. ಅಂದರೆ ಪ್ರತಿ ಪತ್ರಕ್ಕೂ ಎರಡು ಭಾಗ. ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯ ಪತ್ರಗಳಿಗೆ ನಾವು ಇದನ್ನೇ ಇಟ್ಟುಕೊಂಡೆವು. ಮಾದರಿಗೆ ಹೀಗೊಂದು ಪತ್ರ ಬರೆದು ತೋರಿಸುತ್ತೇನೆ:

```
ಪತ್ರ: 017
ಚಿತ್ರ: 017-1, 017-2
ದಿನಾಂಕ: 1949 ಜನವರಿ (ಲೆಕ್ಕ ಹಾಕಿದ್ದು)
ಊರು: ಹಾಸನ, ಸಕಲೇಶಪುರ
---
ಸರ್ವಧಾರಿ ಸಂ॥ ಪುಷ್ಯ ಬ॥ ೫
ಉ॥ ಕು॥ ಸಾಂಪ್ರತ. ಮೊನ್ನೆ ಆಸನಕ್ಕೆ ಓಗಿ
ರೂ ೧೨-೮-೦ ಕೊಟ್ಟು [ಬಂದೆ?]. [ಹೊಡೆದುಹಾಕಿದ್ದು: ನಾಳೆ]
ನಾಡಿದ್ದು ಸಕಲೇಶಪುರಕ್ಕೆ [ಓದಲಾಗದು: 2 ಪದ]
```

'ಆಸನಕ್ಕೆ ಓಗಿ' ನೋಡಿ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿದ್ದುಹೋಗುವುದು ಸಾಮಾನ್ಯ. ಕೆಲವರು ಬರೆಯುವಾಗಲೂ ಹಾಗೇ ಬರೆಯುತ್ತಿದ್ದರು. ಟೈಪ್ ಮಾಡುವವರಿಗೆ ತಿದ್ದುವ ಆಸೆ ಬಂದೇ ಬರುತ್ತದೆ. ಒಬ್ಬರು ತಿದ್ದಿ ಇನ್ನೊಬ್ಬರು ಬಿಟ್ಟರೆ, ಬರೆದವರ ಮಾತು ಹೇಗಿತ್ತು ಅಂತ ಆಮೇಲೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಕೆಳಗೆ ತಿದ್ದುವಂತಿಲ್ಲ. ಮೇಲೆ 'ಹಾಸನ' ಅಂತ ಹಾಕಿರುವುದರಿಂದ ಹುಡುಕುವವರಿಗೆ ಪತ್ರ ಸಿಕ್ಕೇ ಸಿಗುತ್ತದೆ.

ದಿನಾಂಕವೂ ಹಾಗೇ. ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿಗಲ್ಲ. ಸರ್ವಧಾರಿ 1948ರ ಯುಗಾದಿಗೆ ಶುರುವಾಯಿತು. ಪುಷ್ಯ ಬಹುಳ ಬರುವ ಹೊತ್ತಿಗೆ ಇಸವಿ 1949 ಆಗಿತ್ತು. ಆದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ: 1888ರಲ್ಲೂ ಸರ್ವಧಾರಿ, 2008ರಲ್ಲೂ ಸರ್ವಧಾರಿ. ಅಂಚೆ ಮುದ್ರೆ ಅಥವಾ ಸ್ಟಾಂಪ್ ನೋಡಿ ಯಾವುದೆಂದು ತೀರ್ಮಾನಿಸಬೇಕು. ಈ ಲೆಕ್ಕವನ್ನು ಎಲ್ಲರ ತಲೆಗೂ ಕಟ್ಟಬೇಡಿ. ಪಂಚಾಂಗ ಬಲ್ಲ ಒಬ್ಬರೇ ಕೊನೆಯಲ್ಲಿ ತುಂಬಲಿ.

೧೨-೮-೦ ಅಂದರೆ 12 ರೂಪಾಯಿ 8 ಆಣೆ 0 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತು. ಇದನ್ನು 12.50 ಅಂತ ಮಾಡಬೇಡಿ ಎಂದು ಸೂಚನೆಯಲ್ಲಿ ಬರೆದೇ ಬಿಡಿ. ಕನ್ನಡ ಅಂಕಿಯಿದ್ದರೆ ಕನ್ನಡ ಅಂಕಿಯೇ ಇರಲಿ. ಚಿ॥, ತೀ॥ ರೂ॥, ಶು॥, ಬ॥ ಇವನ್ನೂ ಬಿಡಿಸಬೇಡಿ. ಚಿರಂಜೀವಿ, ತೀರ್ಥರೂಪ, ಶುದ್ಧ, ಬಹುಳ ಅಂತ ಪುಟದ ಕೊನೆಯಲ್ಲಿ ಒಮ್ಮೆ ಅರ್ಥ ಕೊಟ್ಟರೆ ಸಾಕು.

ಕೆಳಗಿನ ಭಾಗದಲ್ಲಿ ಟೈಪ್ ಮಾಡುವವರ ಮಾತೆಲ್ಲ ಚೌಕ ಆವರಣದಲ್ಲಿರಲಿ. ದುಂಡು ಆವರಣವನ್ನು ಪತ್ರ ಬರೆದವರೇ ಬಳಸಿರುತ್ತಾರೆ, ಎರಡೂ ಬೆರೆತುಹೋಗುತ್ತವೆ. ಅನುಮಾನವಿದ್ದರೆ ಪದದ ಜೊತೆ ಪ್ರಶ್ನೆ ಚಿಹ್ನೆ. ಓದಲು ಆಗದಿದ್ದರೆ ಎಷ್ಟು ಪದ ಅಂತ ಅಂದಾಜು. ಕಾರ್ಡಿನ ಅಂಚಿನಲ್ಲಿ ಸುತ್ತಲೂ ಬರೆದದ್ದನ್ನು ಕೊನೆಗೆ [ಅಂಚಿನಲ್ಲಿ] ಅಂತ ಹಾಕಿ ಸೇರಿಸಿ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಮುರಿದ ಪದವನ್ನು ಮಾತ್ರ ಕೂಡಿಸಿ ಬರೆಯಬೇಕು, ಇಲ್ಲದಿದ್ದರೆ ಹುಡುಕಿದಾಗ ಸಿಗುವುದಿಲ್ಲ.

ಕಣ್ಣಿಗೆ ಕಾಣದ ಒಂದು ತಪ್ಪಿದೆ. ಕೆಲವರು ಅನುಸ್ವಾರಕ್ಕೆ ಸೊನ್ನೆಯನ್ನೂ ಅರ್ಕಾವತ್ತಿಗೆ ಒಂಬತ್ತನ್ನೂ ಒತ್ತುತ್ತಾರೆ. 'ಸ೦ಜೆ', 'ಧಮ೯' ನೋಡಲು ಸರಿಯಾಗೇ ಕಾಣುತ್ತವೆ. ಆದರೆ 'ಸಂಜೆ' ಅಂತ ಹುಡುಕಿದರೆ ಅದು ಸಿಗುವುದಿಲ್ಲ. ಲಿಬ್ರೆ ಆಫೀಸ್ ರೈಟರ್‌ನ `Find & Replace` ಪೆಟ್ಟಿಗೆಯಲ್ಲಿ `Regular expressions` ಆನ್ ಮಾಡಿ ಇದನ್ನು ಹಾಕಿ:

```
[\u0C85-\u0CCD][\u0CE6\u0CEF]
```

ಅಕ್ಷರಕ್ಕೆ ಅಂಟಿಕೊಂಡ ಸೊನ್ನೆ, ಒಂಬತ್ತು ಮಾತ್ರ ಸಿಗುತ್ತವೆ. ೧೦, ೧೯ರಂಥ ನಿಜವಾದ ಅಂಕಿಗಳು ಸಿಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ, 'ರೂ೯' ಅಂತ ಜಾಗ ಬಿಡದೆ ಬರೆದದ್ದೂ ಸಿಕ್ಕಿಬೀಳಬಹುದು. ಒಂದೊಂದಾಗಿ ನೋಡಿ.

ಸೂಚನೆ ಹಂಚಿದ ಮೇಲೆ ಮೊದಲು ಎಲ್ಲರಿಗೂ ಒಂದೇ ಪತ್ರ ಕೊಡಿ. ಸ್ವಲ್ಪ ಕಷ್ಟದ್ದೇ ಇರಲಿ. ಎಲ್ಲ ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಬೇರೆಯಾಗಿವೆ ನೋಡಿ. ಅಕ್ಷರ ಓದಿದ್ದು ಬೇರೆಯಾಗಿದ್ದರೆ [?] ಹಾಕಿ ಬಿಡಿ. ಬರೆಯುವ ರೀತಿ ಬೇರೆಯಾಗಿದ್ದರೆ ಸೂಚನೆಯಲ್ಲಿ ಒಂದು ಸಾಲು ಕಡಿಮೆ ಬಿದ್ದಿದೆ ಎಂದರ್ಥ. ಅದನ್ನು ಸೇರಿಸಿ, ಮೇಲೆ ಆ ದಿನದ ತಾರೀಖು ಹಾಕಿ, ಹಳೆಯ ಪುಟಗಳನ್ನು ವಾಪಸ್ ತೆಗೆದುಕೊಂಡು ಹೊಸದನ್ನು ಕೊಡಿ.