ಕಂಪನಿ ಕೊಟ್ಟ ಸಿಗ್ಮಾ 7.5, ನಾನು ಹಾಕಿದ್ದು 2: ಯಾವುದು ಸರಿ?

ಪ್ರಶ್ನೆ: ನಮ್ಮ ಲ್ಯಾಬಿನ ಎಚ್‌ಬಿಎ1ಸಿ ಟೆಸ್ಟ್‌ಗೆ ಕಂಪನಿಯವರು ಕೊಟ್ಟ ಹಾಳೆಯಲ್ಲಿ ಸಿಗ್ಮಾ 7.5 ಅಂತ ಇದೆ. ನಾನೇ ಕೂತು ಲೆಕ್ಕ ಹಾಕಿದರೆ 2 ಬಂತು. ಆರು ತಿಂಗಳ ಕಂಟ್ರೋಲ್ ಅಂಕಿಗಳನ್ನು ಕಳಿಸಿದ್ದೇನೆ. ಯಾವುದನ್ನು ನಂಬಲಿ, ಮೇಡಂ?

ಎರಡನ್ನೂ ನಂಬಬೇಡಿ. ಕಂಪನಿಯ ಲೆಕ್ಕದ ಮೇಲೆ ನಿಮಗೆ ಆಗಲೇ ಅನುಮಾನ ಬಂದಿದೆ, ಒಳ್ಳೆಯದು. ಆದರೆ ನಿಮ್ಮ ಲೆಕ್ಕದಲ್ಲೂ ಒಂದು ತಪ್ಪಿದೆ. ಅದೇ ತಪ್ಪು ನನಗೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣುತ್ತದೆ. ಅದಕ್ಕೇ ಇವತ್ತು ಹೆಚ್ಚಿನ ಜಾಗ ನಿಮ್ಮ ಪ್ರಶ್ನೆಗೇ.

```
Sigma = (TEa - |bias|) / CV
```

ಮೂರೂ ಶೇಕಡದಲ್ಲಿ, ಮೂರೂ ಒಂದೇ ಮಟ್ಟದಲ್ಲಿ. ಸಿವಿ ಅಂದರೇನು, ಬಯಾಸ್ ಅಂದರೇನು ಎಂದು ಮತ್ತೆ ಬರೆಯುವುದಿಲ್ಲ. ಕಂಟ್ರೋಲ್ ನಡೆಸುವವರಿಗೆ ಅಷ್ಟು ಗೊತ್ತಿರಲೇಬೇಕು.

ಕಂಪನಿಯ ಹಾಳೆಯಲ್ಲಿ ಸಿವಿ 1.0, ಬಯಾಸ್ 0.5, ಟಿಇಎ 8. ನೀವು ಹಾಕಿದ್ದು ಸಿವಿ 1.9, ಬಯಾಸ್ 2.2, ಟಿಇಎ 6. ಈಗ ಕಂಪನಿಯ ಅಂಕಿಗಳನ್ನು ಒಂದೊಂದಾಗಿ ತೆಗೆದು ನಿಮ್ಮದನ್ನು ಹಾಕುತ್ತಾ ಹೋಗಿ. ಸಿವಿ ಮಾತ್ರ ಬದಲಾಯಿಸಿದರೆ 7.5 ಇದ್ದದ್ದು 3.9ಕ್ಕೆ ಇಳಿಯುತ್ತದೆ. ಬಯಾಸ್ ಕೂಡ ಬದಲಾಯಿಸಿದರೆ 3.1. ಟಿಇಎಯನ್ನೂ ಬದಲಾಯಿಸಿದರೆ 2. ಯಂತ್ರ ಅದೇ, ರೀಏಜೆಂಟ್ ಅದೇ, ಸೂತ್ರವೂ ಅದೇ. ಸಿಗ್ಮಾದ ಅರ್ಧಕ್ಕರ್ಧ ಬಿದ್ದುಹೋಗಿದ್ದು ಸಿವಿ ಒಂದರಿಂದಲೇ, ನೋಡಿದಿರಾ?

ಕಂಪನಿಯ 1.0 ಸುಳ್ಳಲ್ಲ. ಒಂದೇ ಸ್ಯಾಂಪಲನ್ನು ಒಂದೇ ದಿನ, ಒಂದೇ ರನ್ನಿನಲ್ಲಿ 20 ಸಲ ನಡೆಸಿದರೆ ಅಷ್ಟೇ ಬರುತ್ತದೆ. ಆದರೆ ನಿಮ್ಮ ರೋಗಿಗಳು ಒಂದೇ ರನ್ನಿನಲ್ಲಿ ಬರುವುದಿಲ್ಲ. ಮಾರ್ಚಿನಲ್ಲಿ ಬಂದವರು ಆಗಸ್ಟ್‌ನಲ್ಲಿ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಲಾಟ್ ಬದಲಾಗಿರುತ್ತದೆ, ಕ್ಯಾಲಿಬ್ರೇಷನ್ ಮತ್ತೆ ಆಗಿರುತ್ತದೆ, ಯಂತ್ರದ ಮುಂದೆ ಕೂತವರೂ ಬೇರೆ. ಇದೆಲ್ಲ ಸಿವಿ ಒಳಗೆ ಬರಬೇಕು. ಕಂಪನಿಯ ಬಯಾಸ್ 0.5 ಕೂಡ ಹೀಗೇ. ಅದು ಅದೇ ಯಂತ್ರ ಇಟ್ಟುಕೊಂಡಿರುವ ಬೇರೆ ಲ್ಯಾಬ್‌ಗಳ ಸರಾಸರಿಗೆ ಹೋಲಿಸಿದ್ದು. ಆ ಯಂತ್ರಗಳೆಲ್ಲ ಒಟ್ಟಿಗೆ ಜಾಸ್ತಿ ತೋರಿಸುತ್ತಿದ್ದರೆ ಬಯಾಸ್ ಸೊನ್ನೆ ಅಂತಲೇ ಬರುತ್ತದೆ. ನೀವು ರೆಫರೆನ್ಸ್ ವಿಧಾನದಲ್ಲಿ ಬೆಲೆ ಕಟ್ಟಿದ ಇಡೀ ರಕ್ತದ ಇಕ್ಯೂಎ ಸ್ಯಾಂಪಲ್‌ಗೆ ಹೋಲಿಸಿದ್ದೀರಿ. ಗುರಿ 6.5, ನಿಮ್ಮ ಸರಾಸರಿ 6.64. ಅದು ಸರಿಯಾದ ದಾರಿ.

ಟಿಇಎ ವಿಷಯಕ್ಕೆ ಬರೋಣ. ಅಮೆರಿಕದ ಕ್ಲಿಯಾ ನಿಯಮದಲ್ಲಿ ಎಚ್‌ಬಿಎ1ಸಿಗೆ 8 ಶೇಕಡ, ಕ್ಯಾಪ್‌ನವರ ಸಮೀಕ್ಷೆಯಲ್ಲಿ 6. ಸುಮ್ನೆ ಶೇಕಡ ನೋಡುತ್ತಾ ಕೂರಬೇಡಿ, ರಿಪೋರ್ಟಿನ ಅಂಕಿಗೆ ಇಳಿಸಿ ನೋಡಿ. 6.5ಕ್ಕೆ 8 ಶೇಕಡ ಅಂದರೆ 0.52. ನಿಜವಾದ ಬೆಲೆ 6.5 ಇರುವವರಿಗೆ 6.0 ಅಂತ ಕೊಟ್ಟರೂ ಪಾಸ್, 7.0 ಅಂತ ಕೊಟ್ಟರೂ ಪಾಸ್. ಮಧುಮೇಹದ ಗೆರೆ ಇರುವುದೇ 6.5ರಲ್ಲಿ, ಅದರ ಎರಡೂ ಕಡೆ ಇಷ್ಟು ಸಡಿಲ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. 6 ಶೇಕಡ ಅಂದರೆ 0.39. ನಾನು ಅದನ್ನೇ ಬಳಸುತ್ತೇನೆ. ನೀವು ಯಾವುದನ್ನೇ ಆರಿಸಿ, ಆದರೆ ಲೆಕ್ಕಕ್ಕೆ ಕೂರುವ ಮೊದಲು ಆರಿಸಿ, ಕಾರಣ ಬರೆದಿಡಿ. ಸಿಗ್ಮಾ ಕಡಿಮೆ ಬಂತೆಂದು ಹಿಂದೆ ಹೋಗಿ ದೊಡ್ಡ ಟಿಇಎ ಹುಡುಕುವವರು ಇದ್ದಾರೆ. ಅದನ್ನೇ ಕಾಸಿಗೆ ಕಲಿಸಿಕೊಡುವ ಸಲಹೆಗಾರರೂ ಇದ್ದಾರೆ. 'ಆಡಿಟ್‌ಗೆ ಬೇಕಾದ ಸಿಗ್ಮಾ ಬರುವ ಹಾಗೆ' ಮಾಡಿಕೊಡುವ ಅವರ ಎಕ್ಸೆಲ್ ಹಾಳೆಗಳನ್ನು ನಾನು ನೋಡಿದ್ದೇನೆ. ಇದು ರೋಗಿಗೆ ಮಾಡುವ ಮೋಸ. ಅಂಥವರನ್ನು ಲ್ಯಾಬಿನ ಒಳಗೆ ಬಿಟ್ಟುಕೊಳ್ಳಬೇಡಿ.

ಈಗ ನಿಮ್ಮ ತಪ್ಪು. ನೀವು ಕಳಿಸಿದ ಕಂಟ್ರೋಲ್ ಅಂಕಿಗಳನ್ನು ದಿನಾಂಕದ ಪ್ರಕಾರ ಗ್ರಾಫಿಗೆ ಹಾಕಿದೆ. ಮೊದಲ ಮೂರು ತಿಂಗಳು ಚುಕ್ಕೆಗಳು 6.43ರ ಸುತ್ತ ಇವೆ. ರೀಏಜೆಂಟ್ ಲಾಟ್ ಬದಲಾದ ದಿನದಿಂದ 6.63ರ ಸುತ್ತ. ಮಧ್ಯೆ ಒಂದು ಮೆಟ್ಟಿಲು ಕಣ್ಣಿಗೆ ಹೊಡೆಯುತ್ತದೆ. ಒಂದೊಂದು ಲಾಟ್ ಒಳಗೆ ಎಸ್‌ಡಿ ಬರೀ 0.075, ಅಂದರೆ ಸಿವಿ ಸುಮಾರು 1.15. ಎರಡು ಲಾಟ್ ಸೇರಿಸಿ ಲೆಕ್ಕ ಹಾಕಿದ್ದರಿಂದ ಅದು 1.9 ಆಯಿತು. ಅಂದರೆ ಆ ಮೆಟ್ಟಿಲು ನಿಮ್ಮ ಸಿವಿ ಒಳಗೆ ಆಗಲೇ ಕೂತಿದೆ. ಇಕ್ಯೂಎ ಸ್ಯಾಂಪಲ್ ನಡೆಸಿದ್ದು ಯಾವಾಗ? ಎರಡನೇ ಲಾಟ್ ಬಂದ ಮೇಲೆ. ಹಾಗಾಗಿ ಅದೇ ಮೆಟ್ಟಿಲು ಬಯಾಸ್ ಒಳಗೂ ಬಂತು. ಒಂದೇ ತಪ್ಪಿಗೆ ಎರಡು ಸಲ ದಂಡ ಕಟ್ಟಿದ್ದೀರಿ.

ಯಾವುದಾದರೂ ಒಂದು ಕಡೆ ಲೆಕ್ಕ ಹಿಡಿಯಿರಿ. ಈಗಿನ ಲಾಟ್ ಹೇಗಿದೆ ಎಂದು ಕೇಳುವುದಾದರೆ ಬಯಾಸ್ 2.2, ಸಿವಿ 1.15. ಸಿಗ್ಮಾ 3.3. ಆರು ತಿಂಗಳಲ್ಲಿ ನಮ್ಮ ಟೆಸ್ಟ್ ಹೇಗೆ ನಡೆಯಿತು ಎಂದು ಕೇಳುವುದಾದರೆ ಸಿವಿ 1.9 ಇರಲಿ, ಆದರೆ ಬಯಾಸ್ ಎರಡೂ ಲಾಟ್‌ಗಳ ಸರಾಸರಿ ಆಗಬೇಕು. ಹಳೆ ಲಾಟ್ 0.2 ಕೆಳಗಿತ್ತು, ಅಂದರೆ 6.44. ಇದರ ಮತ್ತು 6.64ರ ಸರಾಸರಿ 6.54, ಬಯಾಸ್ 0.6. ಆಗ ಸಿಗ್ಮಾ 2.8. ಕ್ಯೂಸಿ ನಿಯಮ ಆರಿಸಲು ನಾನು ಮೊದಲನೆಯದನ್ನು ನೋಡುತ್ತೇನೆ, ಟೆಸ್ಟ್ ಮುಂದುವರಿಸಬೇಕೋ ಬೇಡವೋ ಎಂದು ಯೋಚಿಸಲು ಎರಡನೆಯದನ್ನು.

ಇಲ್ಲಿ ಒಂದು ಎಚ್ಚರಿಕೆ. ಹಳೆ ಲಾಟ್ 0.2 ಕೆಳಗಿತ್ತು ಎಂದು ಧೈರ್ಯವಾಗಿ ಹೇಳಿದ್ದು ಕಂಟ್ರೋಲ್ ನೋಡಿ ಅಲ್ಲ. ಲಾಟ್ ಬದಲಾದ ದಿನ ನೀವು 12 ರೋಗಿಗಳ ಸ್ಯಾಂಪಲ್‌ಗಳನ್ನು ಎರಡೂ ಲಾಟ್‌ನಲ್ಲಿ ನಡೆಸಿದ್ದೀರಿ, ಅವುಗಳಲ್ಲೂ ಸರಾಸರಿ ವ್ಯತ್ಯಾಸ 0.2 ಇದೆ. ಅದಕ್ಕೇ ನಂಬಿದೆ. ಕಂಟ್ರೋಲ್ ದ್ರವ ರೋಗಿಯ ರಕ್ತದ ಹಾಗೆ ವರ್ತಿಸಲೇಬೇಕೆಂದಿಲ್ಲ. ಹೊಸ ಲಾಟ್ ಬಂದಾಗ ಕಂಟ್ರೋಲ್ ಮಾತ್ರ ಜಿಗಿದು ರೋಗಿಗಳ ಫಲಿತಾಂಶ ಇದ್ದಲ್ಲೇ ಇರುವುದುಂಟು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಲ್ಯಾಬಿನಲ್ಲಿ ಹೀಗೇ ಆಯಿತು. ಕಂಟ್ರೋಲ್ ಮೇಲೆ ಹೋಯಿತೆಂದು ಯಂತ್ರಕ್ಕೆ ಫ್ಯಾಕ್ಟರ್ ಹಾಕಿ ಕೆಳಗಿಳಿಸಿದರು. ಕಂಟ್ರೋಲ್ ಸರಿಯಾಯಿತು, ರೋಗಿಗಳ ಅಂಕಿ ಕೆಟ್ಟಿತು. ಮುಂದಿನ ಇಕ್ಯೂಎ ಬರುವವರೆಗೆ ಯಾರಿಗೂ ಗೊತ್ತೇ ಆಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ, 20 ರೋಗಿ ಸ್ಯಾಂಪಲ್ ಎರಡೂ ಲಾಟ್‌ನಲ್ಲಿ ನಡೆಯದೆ ಹಳೆ ಲಾಟ್ ಖಾಲಿ ಮಾಡಲು ನಾನು ಬಿಡುವುದಿಲ್ಲ. ಗೆರೆಯ ಹತ್ತಿರದವು, 6ರಿಂದ 7ರ ಒಳಗಿನವು, ಅದರಲ್ಲಿ ಅರ್ಧ ಇರಲೇಬೇಕು. ರೋಗಿಗಳ ಫಲಿತಾಂಶ ಕದಲದೆ ಕಂಟ್ರೋಲ್ ಮಾತ್ರ ಜಿಗಿದಿದ್ದರೆ ಕಂಟ್ರೋಲ್‌ಗೆ ಹೊಸ ಸರಾಸರಿ ಕೊಡಿ. ಸಿವಿಯನ್ನು ಲಾಟ್ ಒಳಗಿನ ಎಸ್‌ಡಿಗಳಿಂದಲೇ ಕಟ್ಟಿ, ಆ ಸುಳ್ಳು ಮೆಟ್ಟಿಲನ್ನು ಸೇರಿಸಬೇಡಿ.

ಹಾಗಾದರೆ ಮುಂದೇನು? ಯಂತ್ರ ಬದಲಾಯಿಸುವ ಯೋಚನೆ ಬಿಡಿ. ಲಾಟ್ ಒಳಗೆ ಅದು ಚೆನ್ನಾಗಿಯೇ ನಡೆಯುತ್ತಿದೆ. ಈ ಲಾಟ್‌ನಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿ ನೋಡಿ, ಬಯಾಸ್ ಇಳಿಯದಿದ್ದರೆ ರೋಗಿ ಸ್ಯಾಂಪಲ್‌ಗಳ ಅಂಕಿ ಮುಂದಿಟ್ಟು ಕಂಪನಿಯಿಂದ ಬೇರೆ ಲಾಟ್ ಕೇಳಿ. ಬಯಾಸ್ 0.6ಕ್ಕೆ ಬಂದರೂ ಸಾಕು, ಇದೇ ಯಂತ್ರದಲ್ಲಿ ಸಿಗ್ಮಾ 4.7 ಆಗುತ್ತದೆ. ಅಲ್ಲಿಯವರೆಗೆ 1-3ಎಸ್ ಒಂದನ್ನೇ ನೆಚ್ಚಿಕೊಂಡು ಕೂರಬೇಡಿ. 3.3 ಸಿಗ್ಮಾಕ್ಕೆ 2-2ಎಸ್, ಆರ್-4ಎಸ್, 4-1ಎಸ್ ಎಲ್ಲ ಬೇಕು, ಕಂಟ್ರೋಲ್ ದಿನಕ್ಕೆ ಒಂದು ಸಲಕ್ಕಿಂತ ಜಾಸ್ತಿ ನಡೆಸಬೇಕು. ಇನ್ನೊಂದು ಮಾತು. ಹಿಮೋಗ್ಲೋಬಿನ್ ವೇರಿಯಂಟ್ ಇರುವವರು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರು ಬಂದಾಗ ಸಿಗ್ಮಾ 6 ಇದ್ದರೂ ಫಲಿತಾಂಶ ದಾರಿ ತಪ್ಪಿಸಬಹುದು. ಆ ತೊಂದರೆ ಈ ಲೆಕ್ಕದ ಒಳಗೆ ಇಲ್ಲವೇ ಇಲ್ಲ.

ಪ್ರಶ್ನೆ: ಒಬ್ಬರಿಗೇ ಒಂದು ವಾರದಲ್ಲಿ ಎಚ್‌ಬಿಎ1ಸಿ 6.4 ಬಂತು, ಆಮೇಲೆ 6.7. ಡಾಕ್ಟರು ಫೋನ್ ಮಾಡಿ ಬೈದರು. ಸಿಗ್ಮಾ ಲೆಕ್ಕ ಇರುವಾಗ ಅಳತೆಯ ಅನಿಶ್ಚಿತತೆ ಬೇರೆ ಯಾಕೆ ಬೇಕು?

ಈ ಫೋನ್‌ಗೆ ಉತ್ತರ ಕೊಡುವುದಕ್ಕೇ ಬೇಕು. ಟೆಸ್ಟ್ ಸಾಕಷ್ಟು ಚೆನ್ನಾಗಿದೆಯೇ ಎಂದು ಸಿಗ್ಮಾ ಹೇಳುತ್ತದೆ. ಕೈಯಲ್ಲಿರುವ ಈ ಒಂದು ಅಂಕಿಯ ಸುತ್ತ ಎಷ್ಟು ಜಾಗ ಬಿಡಬೇಕು ಎನ್ನುವುದನ್ನು ಅನಿಶ್ಚಿತತೆ ಹೇಳುತ್ತದೆ. ನಿಮ್ಮ ಅಂಕಿಗಳು ಇಲ್ಲದ್ದರಿಂದ ಮೇಲಿನ ಪತ್ರದ ಲ್ಯಾಬಿನದನ್ನೇ ಹಿಡಿಯೋಣ. ದೀರ್ಘಾವಧಿ ಸಿವಿ 1.9. ಕ್ಯಾಲಿಬ್ರೇಟರ್‌ನ ಅನಿಶ್ಚಿತತೆಯನ್ನು ಕಂಪನಿಯವರೇ ಕೊಡಬೇಕು, ಕೇಳಿ ಪಡೆಯಿರಿ. 0.8 ಅಂತಿಟ್ಟುಕೊಳ್ಳಿ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 2.06, ಎರಡರಿಂದ ಗುಣಿಸಿದರೆ 4.1 ಶೇಕಡ. 6.5ಕ್ಕೆ ಅದು ಹೆಚ್ಚುಕಡಿಮೆ 0.27.

ಎರಡು ಫಲಿತಾಂಶಗಳನ್ನು ಹೋಲಿಸುವಾಗ ಎರಡರಲ್ಲೂ ಏರಿಳಿತ ಇರುತ್ತದೆ ಅಲ್ವಾ? ಒಂದೇ ಲ್ಯಾಬಿನ ಎರಡು ಅಂಕಿಗಳಾದ್ದರಿಂದ ಕ್ಯಾಲಿಬ್ರೇಟರ್ ಪಾಲು ಬಿಡಿ, ಎಸ್‌ಡಿ 0.125 ಮಾತ್ರ ತೆಗೆದುಕೊಳ್ಳಿ. 1.41 × 2 × 0.125, ಅಂದರೆ 0.35. ನಿಮ್ಮ ವ್ಯತ್ಯಾಸ 0.3. ರೋಗಿಯ ಮೈಯಲ್ಲಿ ಏನೂ ಬದಲಾಗದೆಯೂ ಇಷ್ಟು ಬರಬಹುದು. ಡಾಕ್ಟರಿಗೆ ಇದನ್ನೇ ಅಂಕಿ ಸಮೇತ ಹೇಳಿ. ಆದರೆ ನಡುವೆ ಲಾಟ್ ಬದಲಾಗಿತ್ತೇ ಎಂದು ಮೊದಲು ನೋಡಿಕೊಂಡು ಫೋನ್ ಮಾಡಿ. ಗೊತ್ತಿರುವ ಬಯಾಸನ್ನು ಅನಿಶ್ಚಿತತೆಯ ಹಿಂದೆ ಬಚ್ಚಿಡಬಾರದು, ಅದನ್ನು ತಿದ್ದಬೇಕು.

ಪ್ರಶ್ನೆ: ಜೈವಿಕ ಏರಿಳಿತದ ಟಿಇಎ ಹಾಕಿದರೆ ಸೋಡಿಯಂ ಸಿಗ್ಮಾ 1ಕ್ಕಿಂತ ಕಡಿಮೆ ಬರುತ್ತೆ. ಯಂತ್ರ ಹಾಳಾಗಿದೆಯಾ?

ಇಲ್ಲ. ದೇಹ ಸೋಡಿಯಂ ಅನ್ನು ಅಷ್ಟು ಬಿಗಿಯಾಗಿ ಹಿಡಿದಿಡುತ್ತದೆ. ಆ ಗುರಿ ಮುಟ್ಟುವುದು ಈಗಿನ ಯಂತ್ರಗಳಿಗೆ ಬಹಳ ಕಷ್ಟ, 4 ಎಂಎಂಒಎಲ್ ಪ್ರತಿ ಲೀಟರ್ ಮಿತಿ ಇಟ್ಟುಕೊಳ್ಳಿ.

ಪ್ರಶ್ನೆ: ಇಕ್ಯೂಎಯಲ್ಲಿ ಝಡ್ ಸ್ಕೋರ್ ಯಾವಾಗಲೂ 2ರ ಒಳಗೇ ಇದೆ. ಮತ್ತೆ ಸಿಗ್ಮಾ ಯಾಕೆ?

ಗುಂಪೇ ಚೆಲ್ಲಾಪಿಲ್ಲಿ ಇದ್ದರೆ ಎಂಥ ಕೆಟ್ಟ ಟೆಸ್ಟೂ 2ರ ಒಳಗೇ ಇರುತ್ತದೆ.

ಪ್ರಶ್ನೆ: ಎರಡು ಕಂಟ್ರೋಲ್ ಮಟ್ಟದ ಸಿಗ್ಮಾಗಳನ್ನು ಕೂಡಿಸಿ ಸರಾಸರಿ ಹಾಕಬಹುದಾ?

ಬೇಡ. ಡಾಕ್ಟರು ನಿರ್ಧಾರ ತೆಗೆದುಕೊಳ್ಳುವ ಬೆಲೆಗೆ ಹತ್ತಿರ ಇರುವ ಮಟ್ಟವನ್ನು ನೋಡಿ, ಎರಡೂ ಹತ್ತಿರ ಇದ್ದರೆ ಕಡಿಮೆ ಇರುವುದನ್ನು.

ಪ್ರಶ್ನೆ: ಎಚ್‌ಬಿಎ1ಸಿಯನ್ನು ಮಿಲಿಮೋಲ್ ಪ್ರತಿ ಮೋಲ್‌ನಲ್ಲಿ ಹಾಕಿದರೆ ಸಿವಿ 1.9 ಇದ್ದದ್ದು 2.8 ಆಗುತ್ತಿದೆ. ಲೆಕ್ಕ ತಪ್ಪಾಯಿತಾ?

ತಪ್ಪಿಲ್ಲ. ಎರಡು ಅಳತೆಗಳ ಸೊನ್ನೆ ಒಂದೇ ಜಾಗದಲ್ಲಿ ಇಲ್ಲ, ಅದಕ್ಕೇ ಶೇಕಡ ಬದಲಾಗುತ್ತದೆ. ಬಯಾಸ್ ಮತ್ತು ಟಿಇಎಯನ್ನೂ ಅದೇ ಅಳತೆಗೆ ಬದಲಾಯಿಸಿ, ಆಗ ಸಿಗ್ಮಾ ಮೊದಲಿನಷ್ಟೇ ಬರುತ್ತದೆ.