ಐದೂ ಸಮಸ್ಯೆ ಸರಿ, ಮಾರ್ಕ್ಸ್ ಮಾತ್ರ ಕಟ್: ಕೇರ್ ಪ್ಲಾನ್‌ನಲ್ಲಿ ಯಾವುದು ಮೊದಲು?

ಇಂಟರ್ನಲ್ಸ್ ಮುಗಿದ ವಾರ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. "ಮೇಡಂ, ಎಲ್ಲಾ ಬರೆದಿದ್ದೆ, ಆದ್ರೂ ಮಾರ್ಕ್ಸ್ ಕಟ್." ಎಲ್ಲಾ ಬರೆದಿದ್ದೀರಿ, ಒಪ್ಪಿದೆ. ಯಾವುದನ್ನು ಯಾವುದರ ಮುಂದೆ ಬರೆದಿರಿ ಅನ್ನೋದೇ ಇಲ್ಲಿನ ಪ್ರಶ್ನೆ. ನರ್ಸಿಂಗ್ ಪ್ರೋಸೆಸ್‌ನ ಐದು ಹಂತ ಯಾವುವು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ, ಅದು ಮೊದಲ ವರ್ಷದ ಪಾಠ.

ಪ್ರಶ್ನೆ: ಮೇಡಂ, ಕೇಸ್ ಹೀಗಿತ್ತು. 58 ವರ್ಷದ ಗಂಡಸು, 60 ಕೆಜಿ, ಶುಗರ್ ಪೇಶೆಂಟ್, ಕರುಳಿನ ಆಪರೇಶನ್ ಆಗಿ ಒಂದು ದಿನ, ಬಾಯಿಗೆ ಏನೂ ಕೊಡುವಂತಿಲ್ಲ. ಡೆಕ್ಸ್ಟ್ರೋಸ್ ಡ್ರಿಪ್ ಇದೆ, ಕ್ಯಾನುಲಾ ಇರುವ ಕೈ ಊದಿದೆ. ಬೆಳಿಗ್ಗೆ ರೆಗ್ಯುಲರ್ ಇನ್ಸುಲಿನ್ ಕೊಟ್ಟಿದ್ದಾರೆ. ನೋವು 10ಕ್ಕೆ 7, ಬೆವರು, ಮಂಪರು, ನಿಧಾನವಾಗಿ ಉತ್ತರಿಸುತ್ತಾರೆ. ಪಲ್ಸ್ 112, ಬಿಪಿ 124/78, ಉಸಿರು 22, ಸ್ಯಾಚುರೇಶನ್ 96, ಜ್ವರ 37.9, ಮೂತ್ರ ಗಂಟೆಗೆ 45 ಎಂಎಲ್, ಡ್ರೆಸಿಂಗ್ ಒಣಗಿದೆ, ಜಿಆರ್‌ಬಿಎಸ್ 48. ಮನೆಯವರ ಬಗ್ಗೆ ಚಿಂತೆ ಮಾಡ್ತಿದ್ದಾರೆ. ನಾನು ನೋವು ಮೊದಲು ಬರೆದೆ. ನನ್ನ ಫ್ರೆಂಡ್ ಎಬಿಸಿ ಪ್ರಕಾರ ಉಸಿರಾಟ ಮೊದಲು ಬರೆದಳು. ಇಬ್ಬರಿಗೂ ಕಟ್. ನಮ್ಮ ಉತ್ತರ ಸರಿ ಇದೆಯಾ ಅಂತ ನಾವೇ ಚೆಕ್ ಮಾಡೋದು ಹೇಗೆ? (ಎರಡನೇ ವರ್ಷ ಬಿಎಸ್ಸಿ, ಕೆಂಗೇರಿ)

ಮೊದಲು ನಿಮ್ಮ ಫ್ರೆಂಡ್ ವಿಷಯ. ಎಬಿಸಿ ಅನ್ನೋದು ಕಣ್ಣು ಹಾಯಿಸುವ ಕ್ರಮ. ಎ ಕಡೆ ನೋಡಿ, ಸರಿ ಇದ್ದರೆ ಬಿ ಕಡೆ ಹೋಗಿ, ಅದೂ ಸರಿ ಇದ್ದರೆ ಸಿ ಕಡೆ ಹೋಗಿ ಅಂತ ಅದರ ಅರ್ಥ. ಬಿ ಅಕ್ಷರ ಮುಂದಿದೆ ಅಂತ ಸರಿ ಇರುವ ಉಸಿರಾಟವನ್ನೂ ಮೊದಲ ಸಮಸ್ಯೆ ಮಾಡಿ ಅಂತ ಯಾರೂ ಹೇಳಿಲ್ಲ. ಈ ಮನುಷ್ಯ ನಿಧಾನವಾಗಿಯಾದರೂ ಮಾತಾಡುತ್ತಿದ್ದಾರೆ, ಅಂದರೆ ಶ್ವಾಸದ ದಾರಿ ತೆರೆದಿದೆ. ಉಸಿರು 22, ಸ್ವಲ್ಪ ಜಾಸ್ತಿ. ಸ್ಯಾಚುರೇಶನ್ 96, ಆಕ್ಸಿಜನ್ ಹಾಕುವ ತುರ್ತು ಇಲ್ಲ. ಇನ್ನು ಸಿ. ಆಪರೇಶನ್ ಆದ ಮಾರನೇ ದಿನ ಪಲ್ಸ್ 112 ಕಂಡರೆ ಒಳಗೆ ರಕ್ತ ಹೋಗ್ತಿದೆಯಾ ಅಂತ ಹೊಟ್ಟೆ, ಡ್ರೆಸಿಂಗ್, ಡ್ರೇನ್ ನೋಡಲೇಬೇಕು. ಬಿಪಿ ನಿಂತಿದೆ, ಡ್ರೆಸಿಂಗ್ ಒಣಗಿದೆ, 60 ಕೆಜಿಯವರಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು, ಇವರಿಗೆ 45 ಬರುತ್ತಿದೆ. ಹಾಗಾಗಿ ಸದ್ಯಕ್ಕೆ ಸಿ ಕೂಡ ದಾಟಬಹುದು.

ಇಲ್ಲಿಗೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಸಿ ಆದಮೇಲೆ ಡಿ ಇದೆ ಮಾರಾಯ್ರೇ! ಪ್ರಜ್ಞೆ ಹೇಗಿದೆ, ಶುಗರ್ ಎಷ್ಟಿದೆ, ಎರಡೂ ಅಲ್ಲೇ ನೋಡಬೇಕಾದವು. ಮಂಪರು ಇದೆ, ಶುಗರ್ 48 ಇದೆ. 70ಕ್ಕಿಂತ ಕೆಳಗೆ ಹೋದರೇ ಎಚ್ಚರ, 54ಕ್ಕಿಂತ ಕೆಳಗೆ ಅಂದರೆ ತಡ ಮಾಡುವಂತಿಲ್ಲ. ಮೊದಲ ಸಮಸ್ಯೆ ಇದೇ.

ಈಗ ನಿಮ್ಮ ಉತ್ತರ. ನೋವು 7 ಅಂತ ಪೇಶೆಂಟೇ ಹೇಳಿದ್ದಾರೆ, ಅದು ಸುಳ್ಳಲ್ಲ. ಬೆವರು, ಓಡುವ ಪಲ್ಸ್ ಎರಡನ್ನೂ ನೀವು ನೋವಿನ ಲೆಕ್ಕಕ್ಕೆ ಹಾಕಿದಿರಿ. ಶುಗರ್ ಇಳಿದರೂ ಅವೆರಡೇ ಬರುತ್ತವೆ. ಈ ತಪ್ಪು ಪೇಪರ್‌ನಲ್ಲಿ ಮಾತ್ರ ಆಗೋದಲ್ಲ. ನಾನು ವಾರ್ಡ್‌ನಲ್ಲಿದ್ದಾಗ ಒಂದು ರಾತ್ರಿ ಹೊಸದಾಗಿ ಸೇರಿದ ಸಿಸ್ಟರ್ ನೋವಿನ ಇಂಜೆಕ್ಷನ್ ತುಂಬಿಕೊಂಡು ಬೆಡ್ ಹತ್ತಿರ ನಿಂತಿದ್ದಳು. ಪೇಶೆಂಟ್ ಹಣೆ ಮುಟ್ಟಿದೆ, ಕೈಗೆ ತಣ್ಣಗೆ ಅಂಟಿತು. "ಒಂದು ನಿಮಿಷ ತಡಿಯಮ್ಮ, ಗ್ಲುಕೋಮೀಟರ್ ತಗೊಂಡು ಬಾ" ಅಂದೆ. 41 ತೋರಿಸಿತು. ಅವತ್ತಿಂದ ಮಂಪರಿನ ಜೊತೆ ಬೆವರು ಕಂಡರೆ ನಾನು ಸಿರಿಂಜ್ ಮುಟ್ಟುವ ಮೊದಲು ಬೆರಳು ಚುಚ್ಚುತ್ತೇನೆ. ಅತಿ ಜಾಗ್ರತೆ ಅಂತ ನಗುವವರು ನಗಲಿ.

ಚೆಕ್ ಮಾಡೋದು ಹೇಗೆ ಅಂತ ಕೇಳಿದ್ದೀರಲ್ಲ, ನಾನು ಪೇಪರ್ ತಿದ್ದುವಾಗ ಮಾಡೋದು ಇಷ್ಟೇ. ನೀವು ಬರೆದ ಮೊದಲ ಎರಡನ್ನು ಅದಲು ಬದಲು ಮಾಡಿ, ಹಾಗೆ ಮಾಡಿದರೆ ಪೇಶೆಂಟ್‌ಗೆ ಏನಾಗುತ್ತೆ ಅಂತ ಮನಸ್ಸಲ್ಲೇ ಓಡಿಸಿ ನೋಡುತ್ತೇನೆ. ನೋವಿನ ಇಂಜೆಕ್ಷನ್ ಮೊದಲು ಕೊಟ್ಟರೆ? ಅದು ಮಾರ್ಫಿನ್ ಜಾತಿಯದ್ದಾದರೆ ಮಂಪರು ಇನ್ನೂ ಏರುತ್ತೆ. ಅರ್ಧ ಗಂಟೆ ಆದಮೇಲೆ ಎಬ್ಬಿಸಿದರೂ ಏಳದಿದ್ದಾಗ ಅದು ಶುಗರ್‌ನಿಂದಲೋ ಔಷಧಿಯಿಂದಲೋ ಯಾರಿಗೂ ತಿಳಿಯಲ್ಲ, ಅಷ್ಟರಲ್ಲಿ ಮೆದುಳಿಗೆ ಸಕ್ಕರೆ ಇಲ್ಲದೆ ಫಿಟ್ಸ್ ಕೂಡ ಬರಬಹುದು. ಶುಗರ್ ಮೊದಲು ಸರಿ ಮಾಡಿದರೆ? ನೋವು ಕಾಲು ಗಂಟೆ ಕಾಯುತ್ತೆ. ಪಾಪ, ಅವರಿಗೆ ಕಷ್ಟವೇ, ಆದರೆ ಆ ಕಾಲು ಗಂಟೆಯಲ್ಲಿ ಆಗುವ ನಷ್ಟವನ್ನು ಆಮೇಲೆ ತುಂಬಿಕೊಡಬಹುದು. ಅದಲು ಬದಲು ಮಾಡಿದಾಗ ಯಾವ ಕಡೆಯ ನಷ್ಟ ವಾಪಸ್ ಬರಲ್ಲವೋ ಆ ಸಮಸ್ಯೆ ಮೇಲೆ ಹೋಗುತ್ತೆ. ಇದೇ ರೀತಿ ಎರಡು ಮೂರು, ಮೂರು ನಾಲ್ಕು ಅಂತ ಜೋಡಿ ಜೋಡಿಯಾಗಿ ಇಳಿಯುತ್ತಾ ಬನ್ನಿ.

ಸಮಸ್ಯೆ ಸರಿಯಾಗಿ ಬರೆದು ಕೆಲಸದಲ್ಲಿ ಎಡವುವವರೂ ಇದ್ದಾರೆ, ಅದಕ್ಕೇ ಈ ಕೇಸ್ ನನಗೆ ಇಷ್ಟ. "ಶುಗರ್ ಕಡಿಮೆ" ಅಂತ ಸರಿಯಾಗಿ ಬರೆದು, ಪಕ್ಕದಲ್ಲಿ ಮೊದಲ ಕೆಲಸವಾಗಿ "ಸಕ್ಕರೆ ನೀರು ಕುಡಿಸುವುದು" ಅಂತ ಬರೆದಿರುತ್ತಾರೆ. ಬಾಯಿಗೆ ಏನೂ ಕೊಡುವಂತಿಲ್ಲ ಅಂತ ಕೇಸ್‌ನಲ್ಲೇ ಇದೆ, ಮೇಲೆ ಮಂಪರು ಬೇರೆ. ನೀರು ಶ್ವಾಸಕೋಶಕ್ಕೆ ಇಳಿದರೆ ಇದ್ದ ಒಂದು ತೊಂದರೆ ಎರಡಾಗುತ್ತೆ. ಇನ್ನು ಕೆಲವರು "ಜಿಆರ್‌ಬಿಎಸ್ ಚೆಕ್ ಮಾಡುವುದು" ಅಂತ ಶುರು ಮಾಡುತ್ತಾರೆ. 48 ಅಂತ ಕೊಟ್ಟಿದ್ದಾರಲ್ಲ! ಲಕ್ಷಣವೂ ಇದೆ, ನಂಬರೂ ಇದೆ, ಇನ್ನು ನೋಡೋದೇನು? ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ, ಬೇಡ ಅನ್ನಲ್ಲ, ಆದರೆ ರಿಪೋರ್ಟ್‌ಗೆ ಕಾದು ಕೂರಬೇಡಿ.

ಸರಿಯಾದ ಕೆಲಸ ಅಂದರೆ ಐವಿ ಡೆಕ್ಸ್ಟ್ರೋಸ್. ಇಲ್ಲಿ ನಿಮ್ಮ ಕೇಸ್‌ನ ನಿಜವಾದ ಕೊಕ್ಕೆ ಇದೆ, ಕ್ಯಾನುಲಾ ಇರುವ ಕೈ ಊದಿದೆ. ಅದನ್ನು ನೀವು ಯಾವ ಸಮಸ್ಯೆಗೂ ಸೇರಿಸಿಲ್ಲ ಅನ್ಸುತ್ತೆ. ಅದು ಬೇರೆ ಸಮಸ್ಯೆ ಅಲ್ಲ, ಮೊದಲ ಸಮಸ್ಯೆಯ ಬೇರು. ಇನ್ಸುಲಿನ್ ಚರ್ಮದ ಕೆಳಗೆ ಹೋಗಿ ಕೆಲಸ ಮಾಡುತ್ತಿದೆ, ಡ್ರಿಪ್‌ನ ಡೆಕ್ಸ್ಟ್ರೋಸ್ ಮಾತ್ರ ರಕ್ತಕ್ಕೆ ಹೋಗದೆ ಕೈಯ ಮಾಂಸದಲ್ಲಿ ನಿಂತಿದೆ. ಶುಗರ್ ಇಳಿಯದೆ ಇನ್ನೇನಾಗುತ್ತೆ? ಅದೇ ಲೈನ್‌ಗೆ 25% ಡೆಕ್ಸ್ಟ್ರೋಸ್ ಒತ್ತಿದರೆ ಶುಗರೂ ಏರಲ್ಲ, ಆ ಗಟ್ಟಿ ದ್ರಾವಣಕ್ಕೆ ಸುತ್ತಲಿನ ಮಾಂಸವೂ ಸುಡುತ್ತೆ.

ಹಾಗಾಗಿ ಕೆಲಸದ ಸಾಲು ಹೀಗೆ ಹೋಗಬೇಕು. ಬೆಡ್ ಬಿಟ್ಟು ಹೋಗದೆ ಜೊತೆಯವರನ್ನು ಕೂಗಿ, ಅವರು ಡಾಕ್ಟರ್‌ಗೆ ಫೋನ್ ಮಾಡಲಿ. ಪೇಶೆಂಟನ್ನು ಒಂದು ಮಗ್ಗುಲಿಗೆ ತಿರುಗಿಸಿ, ರೇಲಿಂಗ್ ಏರಿಸಿ. ಊದಿದ ಲೈನ್ ನಿಲ್ಲಿಸಿ, ಇನ್ನೊಂದು ಕೈಗೆ ಹೊಸ ಕ್ಯಾನುಲಾ ಹಾಕಿ, ಸಲೈನ್ ಒತ್ತಿ ಸಲೀಸಾಗಿ ಹೋಗುತ್ತಾ ನೋಡಿ. ಆಮೇಲೆ ಆರ್ಡರ್ ಅಥವಾ ವಾರ್ಡ್ ಪ್ರೋಟೋಕಾಲ್ ಪ್ರಕಾರ 25% ಡೆಕ್ಸ್ಟ್ರೋಸ್ ನಿಧಾನವಾಗಿ ಕೊಡಿ. 100 ಎಂಎಲ್ ಬಾಟಲಿಯಲ್ಲಿ 25 ಗ್ರಾಂ ಇರುತ್ತೆ. ನರ ಸಿಗಲೇ ಇಲ್ಲ ಅಂದರೆ ಆರ್ಡರ್ ಮೇಲೆ ಗ್ಲುಕಗಾನ್ 1 ಎಂಜಿ ಮಾಂಸಖಂಡಕ್ಕೆ. 15 ನಿಮಿಷಕ್ಕೆ ಮತ್ತೆ ಜಿಆರ್‌ಬಿಎಸ್, 70 ದಾಟಿಲ್ಲದಿದ್ದರೆ ಮತ್ತೆ ಡೆಕ್ಸ್ಟ್ರೋಸ್. ಮುಂದಿನ ಇನ್ಸುಲಿನ್ ಡೋಸ್ ಬಗ್ಗೆ ಡಾಕ್ಟರ್ ಹೇಳುವ ತನಕ ಕೊಡಬೇಡಿ. 110 ಬಂತು ಅಂತ ಮೀಟರ್ ಎತ್ತಿಡಲೂಬೇಡಿ. ಚರ್ಮದ ಕೆಳಗೆ ಕೊಟ್ಟ ರೆಗ್ಯುಲರ್ ಇನ್ಸುಲಿನ್ ಐದಾರು ಗಂಟೆಗೂ ಮೇಲೆ ಕೆಲಸ ಮಾಡುತ್ತೆ, ಶುಗರ್ ಮತ್ತೆ ಜಾರಬಹುದು. ಹೊಸ ಲೈನ್‌ನಲ್ಲಿ ಡ್ರಿಪ್ ಶುರುವಾಗಲಿ, ಗಂಟೆಗೊಮ್ಮೆ ನೋಡುತ್ತಿರಿ. ಬರೆದಿಡೋದು ಕೊನೆಗೆ. ಡಾಕ್ಯುಮೆಂಟೇಶನ್ ಮೊದಲು ಬರೆದ ಪೇಪರ್ ಕೂಡ ನಾನು ತಿದ್ದಿದ್ದೇನೆ, ಸುಮ್ನೆ ಹೇಳ್ತಿಲ್ಲ.

ಶುಗರ್ ಏರಿ ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದ ಮೇಲೆ ನೋವು ಎಷ್ಟು ಅಂತ ಮತ್ತೆ ಕೇಳಿ. ಮಂಪರಿನಲ್ಲಿ ಹೇಳಿದ 7ಕ್ಕೂ ಎಚ್ಚರದಲ್ಲಿ ಹೇಳುವ 7ಕ್ಕೂ ವ್ಯತ್ಯಾಸ ಇದೆ. ನೋವು ಎರಡನೆಯದು. ನೋವು ಇಳಿದರೆ ತಾನೇ ಅವರು ಉಸಿರು ಆಳವಾಗಿ ಎಳೆದು ಕೆಮ್ಮೋದು? ಅದಕ್ಕೇ ಕಫ ಕಟ್ಟದಂತೆ ನೋಡುವುದು ಮೂರನೆಯದು, ನಿಮ್ಮ ಫ್ರೆಂಡ್‌ಗೆ ಬೇಕಾದ ಉಸಿರಾಟ ಬರುವ ಜಾಗ ಇದು. ಗಾಯಕ್ಕೆ ಸೋಂಕಿನ ಅಪಾಯ ನಾಲ್ಕನೆಯದು. ಒಂದನೇ ದಿನದ 37.9 ನೋಡಿ ಹೌಹಾರಬೇಡಿ, ಗಾಯದ ಸೋಂಕು ಸಾಮಾನ್ಯವಾಗಿ ತಲೆ ಎತ್ತೋದು ಕೆಲವು ದಿನ ಕಳೆದ ಮೇಲೆ. ಚಿಂತೆ ಐದನೆಯದು. ಮೂರು, ನಾಲ್ಕು ಆಚೀಚೆ ಆದರೆ ನಾನು ಮಾರ್ಕ್ಸ್ ಕಟ್ ಮಾಡಲ್ಲ, ಒಂದು ಎರಡು ಆಚೀಚೆ ಆದರೆ ಬಿಡಲ್ಲ.

ಪ್ರಶ್ನೆ: ಈಗ ಇರುವ ಸಮಸ್ಯೆ ಯಾವಾಗಲೂ ಮೇಲೆ, ಬರಬಹುದಾದ ಅಪಾಯ ಯಾವಾಗಲೂ ಕೆಳಗೆ, ಅಲ್ವಾ ಮೇಡಂ? (ಜಿಎನ್‌ಎಂ, ಯಲಹಂಕ)

ಅಲ್ಲ. ಥೈರಾಯ್ಡ್ ಆಪರೇಶನ್ ಆದ ರಾತ್ರಿ ಮಲಬದ್ಧತೆ "ಈಗ ಇರುವುದು", ಕುತ್ತಿಗೆಯಲ್ಲಿ ರಕ್ತ ಕಟ್ಟಿ ಶ್ವಾಸನಾಳ ಒತ್ತುವುದು "ಬರಬಹುದಾದದ್ದು". ಯಾವುದಕ್ಕೆ ಎದ್ದು ಓಡುತ್ತೀರಿ?

ಪ್ರಶ್ನೆ: ಕೋಚಿಂಗ್‌ನಲ್ಲಿ ಹೇಳಿಕೊಟ್ಟರು, ಆಯ್ಕೆಗಳಲ್ಲಿ ಆಕ್ಸಿಜನ್ ಇದ್ದರೆ ಕಣ್ಣು ಮುಚ್ಚಿ ಟಿಕ್ ಮಾಡಿ ಅಂತ. (ವಿಜಯನಗರ)

ಫೀಸ್ ವಾಪಸ್ ಕೇಳಿ. ಸ್ಯಾಚುರೇಶನ್ 96 ಇರುವವರಿಗೆ ಆಕ್ಸಿಜನ್ ಹಾಕಿ ಶುಗರ್ 48ನ್ನು ಬಿಟ್ಟರೆ ಏನಾಗುತ್ತೆ ಅಂತ ಮೇಲೆ ಓದಿದಿರಲ್ಲ.

ಪ್ರಶ್ನೆ: ಎಬಿಸಿನಾ ಸಿಎಬಿನಾ? ಒಂದೊಂದು ಪುಸ್ತಕದಲ್ಲಿ ಒಂದೊಂದು ಇದೆ.

ಹೃದಯ ನಿಂತು ಸಿಪಿಆರ್ ಮಾಡುವಾಗ ಸಿಎಬಿ, ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2010ರಲ್ಲೇ ಬದಲಾಯಿಸಿತು. ಉಸಿರಾಡುತ್ತಾ ಮಲಗಿರುವ ಪೇಶೆಂಟ್‌ನ ಕೇರ್ ಪ್ಲಾನ್‌ಗೆ ಎಬಿಸಿ, ಜೊತೆಗೆ ಆ ಮರೆತುಹೋದ ಡಿ.

ಪ್ರಶ್ನೆ: ಮೊದಲ ಕೆಲಸ "ಡಾಕ್ಟರ್‌ಗೆ ತಿಳಿಸುವುದು" ಅಂತ ಬರೆದರೆ ಸೇಫ್ ಅಲ್ವಾ?

ನಿಮಗೆ ಸೇಫ್. ಫೋನ್ ರಿಂಗ್ ಆಗುವಷ್ಟು ಹೊತ್ತು ಪೇಶೆಂಟ್ ಮಗ್ಗುಲಿಗೆ ತಿರುಗಿದ್ದಾರಾ, ಲೈನ್ ಸರಿ ಇದೆಯಾ ಅಂತ ನೋಡಿರಬೇಕು. "ಶುಗರ್ 48, ಮಂಪರು, ಲೈನ್ ಹೋಗಿದೆ, ಹೊಸದು ಹಾಕ್ತಿದ್ದೀನಿ, ಡೆಕ್ಸ್ಟ್ರೋಸ್ ಆರ್ಡರ್ ಬೇಕು ಸರ್" ಅಂತ ಒಂದೇ ಉಸಿರಿಗೆ ಹೇಳುವ ಸಿಸ್ಟರ್‌ಗೆ ಆ ಕಡೆಯಿಂದ ತಕ್ಷಣ ಆರ್ಡರ್ ಬರುತ್ತೆ. "ಸರ್, ಪೇಶೆಂಟ್ ಯಾಕೋ ಒಂಥರಾ ಇದ್ದಾರೆ" ಅಂದರೆ ನೋಡಿ ಫೋನ್ ಮಾಡಮ್ಮ ಅಂತ ಇಡುತ್ತಾರೆ.